ಲೆಟರ್‌ಹೆಡ್ ಯಾರದು, ಕಡತ ಎಲ್ಲಿದೆ?

ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯಲ್ಲಿ ನೀವು ಹೊಸದಾಗಿ ಕೆಲಸಕ್ಕೆ ಕೂತಿದ್ದೀರಿ ಎಂದುಕೊಳ್ಳೋಣ. ಕೀಲಿಮಣೆ ಕೈಗೆ ಹತ್ತಿದೆ, ಅರ್ಜಿಗಳ ನಮೂನೆಯೂ ಗೊತ್ತಾಗಿದೆ. ಹೀಗಿರುವಾಗ ಒಂದು ದಿನ ಒಬ್ಬ ರೈತರು ಬಂದು ಹೀಗೆ ಕೇಳುತ್ತಾರೆ: 'ತಹಶೀಲ್ದಾರ್ ಸಾಹೇಬ್ರು ಒಪ್ಪಿದಾರೆ ಸಾರ್. ಲೆಟರ್‌ಹೆಡ್ ಥರಾನೇ ಟೈಪ್ ಮಾಡಿಸ್ಕೊಂಡು ಬಾ, ಸಹಿ ಹಾಕ್ತೀನಿ ಅಂದ್ರು.' ಅವರ ಕೈಯಲ್ಲಿ ಒಂದು ಹಳೆಯ ಸರ್ಕಾರಿ ಪತ್ರದ ಜೆರಾಕ್ಸ್ ಇರುತ್ತದೆ. ಅದರ ತಲೆಭಾಗವನ್ನು ಉಳಿಸಿಕೊಂಡು ಒಳಗಿನ ಬರಹವನ್ನು ಬದಲಿಸಿದರೆ ಸಾಕು ಎಂಬುದು ಅವರ ಕೋರಿಕೆ.

ಈ ಕೋರಿಕೆಗೆ ಒಪ್ಪಬಾರದು. ಏಕೆ ಎಂಬುದು ತಿಳಿಯಬೇಕಾದರೆ, ಸರ್ಕಾರಿ ಪತ್ರವೊಂದು ಹೇಗೆ ಹುಟ್ಟುತ್ತದೆ ಎಂಬುದನ್ನು ನೀವು ಮೊದಲು ನೋಡಬೇಕು.

ಅಂಥ ಪತ್ರವನ್ನು ಕೈಗೆತ್ತಿಕೊಂಡು ಮೇಲಿನಿಂದ ಓದಿ. 'ಕರ್ನಾಟಕ ಸರ್ಕಾರ' ಎಂಬ ಸಾಲು, ಗಂಡಭೇರುಂಡವಿರುವ ರಾಜ್ಯ ಲಾಂಛನ, ಕಚೇರಿಯ ಹೆಸರು. ಇಷ್ಟನ್ನು ಯಾವ ಕಂಪ್ಯೂಟರಿನಲ್ಲಾದರೂ ಕೂಡಿಸಬಹುದು. ಅದರ ಕೆಳಗೆ ಒಂದು ಬದಿಯಲ್ಲಿ ದಿನಾಂಕ, ಇನ್ನೊಂದು ಬದಿಯಲ್ಲಿ 'ಸಂಖ್ಯೆ' ಇರುತ್ತದೆ. ಆ ಸಂಖ್ಯೆ 'ಆರ್‌ಆರ್‌ಟಿ/ಸಿಆರ್/45/2025-26' ಎಂಬಂತೆ ಇರಬಹುದು. ಇದರಲ್ಲಿ ಆರ್‌ಆರ್‌ಟಿ ಎಂದರೆ ಜಮೀನಿನ ಹಕ್ಕು ದಾಖಲೆಗಳನ್ನು ನೋಡಿಕೊಳ್ಳುವ ಶಾಖೆ, 45 ಎಂದರೆ ಕಡತದ ಸಂಖ್ಯೆ, ಕೊನೆಯದು ವರ್ಷ. ಕಡತ ಎಂದರೆ ಒಂದು ವಿಷಯಕ್ಕೆ ಸಂಬಂಧಿಸಿದ ಎಲ್ಲ ಕಾಗದಗಳನ್ನೂ ಸೇರಿಸಿಟ್ಟ ಫೈಲು. ಪತ್ರದ ತಲೆಭಾಗದಲ್ಲಿ ನಿಮ್ಮಿಂದ ಹುಟ್ಟಿಸಲಾಗದ ಭಾಗ ಈ ಸಂಖ್ಯೆಯೇ.

ಅದು ಹುಟ್ಟುವ ಬಗೆ ಹೀಗೆ. ನಾಗರಿಕರ ಮನವಿ ಮೊದಲು ಟಪಾಲು ಶಾಖೆಗೆ ಬಂದು ಆವಕ ವಹಿಯಲ್ಲಿ, ಅಂದರೆ ಒಳಬರುವ ಕಾಗದಗಳ ಪುಸ್ತಕದಲ್ಲಿ, ದಾಖಲಾಗುತ್ತದೆ. ಅಲ್ಲಿಂದ ಅದು ವಿಷಯ ನಿರ್ವಾಹಕರ ಮೇಜಿಗೆ ಹೋಗುತ್ತದೆ. ಆ ವಿಷಯದ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತರಿಗೆ ಈ ಹೆಸರು. ಅವರು ದಾಖಲೆಗಳನ್ನು ಪರಿಶೀಲಿಸಿ, ಕಂಡದ್ದನ್ನು ಟಿಪ್ಪಣಿ ಹಾಳೆಯಲ್ಲಿ ಬರೆದು ಶಿರಸ್ತೇದಾರರ ಮೂಲಕ ತಹಶೀಲ್ದಾರರಿಗೆ ಮಂಡಿಸುತ್ತಾರೆ. ತಹಶೀಲ್ದಾರರು ಒಪ್ಪಿದ ಮೇಲೆ ಪತ್ರದ ಕರಡು ಸಿದ್ಧವಾಗುತ್ತದೆ. ಕರಡು ಅನುಮೋದನೆಯಾದ ಮೇಲೆ ಶುದ್ಧಪ್ರತಿ, ಅದಕ್ಕೆ ಸಹಿ. ಒಂದು ಪ್ರತಿ ಕಡತದಲ್ಲಿ ಉಳಿಯುತ್ತದೆ, ಇನ್ನೊಂದು ರವಾನೆ ವಹಿಯಲ್ಲಿ ನಮೂದಾಗಿ ಹೊರಗೆ ಹೋಗುತ್ತದೆ. ಈಗ ಅನೇಕ ಕಚೇರಿಗಳಲ್ಲಿ ಇದು ಇ-ಆಫೀಸ್ ಎಂಬ ಗಣಕ ವ್ಯವಸ್ಥೆಯಲ್ಲಿ ನಡೆಯುತ್ತದೆ. ಆದರೂ ಹೆಜ್ಜೆಗಳ ಕ್ರಮ ಬದಲಾಗಿಲ್ಲ.

ಹಾಗಾಗಿ ನಿಮ್ಮ ಕಣ್ಣಿಗೆ ಬೀಳುವ ಪತ್ರ ಕಡತದ ಕೊನೆಯ ಎಲೆ ಮಾತ್ರ. ಬೇರಿಲ್ಲದ ಎಲೆಯನ್ನು ನೀವು ಚೆನ್ನಾಗಿಯೇ ಅಚ್ಚುಹಾಕಿ ಕೊಡಬಹುದು, ಆದರೆ ಅದರ ಹಿಂದೆ ಯಾರೂ ಯಾವ ದಾಖಲೆಯನ್ನೂ ಪರಿಶೀಲಿಸಿರುವುದಿಲ್ಲ.

ಈಗ ನಮ್ಮ ರೈತರ ವಿಷಯಕ್ಕೆ ಬರೋಣ. ಅವರ ಪಹಣಿಯಲ್ಲಿ 'ಬಸಪ್ಪ' ಎಂದಿದೆ, ಆಧಾರ್‌ನಲ್ಲಿ 'ಬಸವರಾಜಪ್ಪ' ಎಂದಿದೆ. ಇಬ್ಬರೂ ಒಬ್ಬರೇ ಎಂದು ತಹಶೀಲ್ದಾರರಿಂದ ಪತ್ರ ತಂದರೆ ಬೆಳೆ ಸಾಲ ಕೊಡುತ್ತೇವೆ ಎಂದು ಬ್ಯಾಂಕಿನವರು ಹೇಳಿದ್ದಾರೆ. ಕೇಳಿದರೆ ನ್ಯಾಯವಾದ ಅವಶ್ಯಕತೆಯೇ. ನೀವು ಹಳೆಯ ಸಂಖ್ಯೆಯನ್ನೇ ಉಳಿಸಿ ಪತ್ರ ಮಾಡಿಕೊಟ್ಟಿರಿ ಎನ್ನೋಣ. ಪತ್ರ ಬಂದ ಮೇಲೆ ಬ್ಯಾಂಕಿನ ವ್ಯವಸ್ಥಾಪಕರು ಅದರ ನೈಜತೆಯನ್ನು ತಿಳಿಸುವಂತೆ ಕಚೇರಿಗೆ ಬರೆಯಬಹುದು. ಗುಮಾಸ್ತರು ರವಾನೆ ವಹಿ ತೆರೆದರೆ, ಆ ಸಂಖ್ಯೆಯ ಮುಂದೆ ಬೇರೆ ಊರಿನ ಯಾರದೋ ಖಾತೆ ಬದಲಾವಣೆಯ ಪತ್ರ ಇರುತ್ತದೆ. ಅಲ್ಲಿಗೆ ಸಾಲವೂ ನಿಲ್ಲುತ್ತದೆ, ಬಸಪ್ಪನವರ ನಿಜವಾದ ದಾಖಲೆಗಳ ಮೇಲೂ ಅನುಮಾನ ಬೀಳುತ್ತದೆ. ಟೈಪ್ ಮಾಡಿದ್ದು ಎಲ್ಲಿ ಎಂಬ ಪ್ರಶ್ನೆ ನಿಮ್ಮ ಅಂಗಡಿಗೆ ಬರುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 335ನೇ ಕಲಂ ಸುಳ್ಳು ದಸ್ತಾವೇಜನ್ನು ವಿವರಿಸುತ್ತದೆ. ಒಬ್ಬರು ಮಾಡದ, ಅವರ ಅಧಿಕಾರದಿಂದಲೂ ಆಗದ ಬರಹವನ್ನು ಅವರದೇ ಎಂದು ನಂಬಿಸುವ ವಂಚನೆಯ ಉದ್ದೇಶದಿಂದ ಸಿದ್ಧಪಡಿಸುವುದು ಅದರ ತಿರುಳು. ಸರ್ಕಾರಿ ನೌಕರರು ತಮ್ಮ ಹುದ್ದೆಯ ನೆಲೆಯಲ್ಲಿ ಕೊಟ್ಟಂತೆ ಕಾಣುವ ಪ್ರಮಾಣಪತ್ರ ಅಥವಾ ದಸ್ತಾವೇಜನ್ನು ಫೋರ್ಜರಿ ಮಾಡಿದರೆ, 337ನೇ ಕಲಂ ಪ್ರಕಾರ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದು, ದಂಡವೂ ಇದೆ. ಫೋರ್ಜರಿ ಎಂದು ಗೊತ್ತಿದ್ದೂ ಅಂಥ ಕಾಗದವನ್ನು ಅಸಲಿ ಎಂದು ಬಳಸುವವರಿಗೂ, ಅಂದರೆ ಅದನ್ನು ಬ್ಯಾಂಕಿಗೆ ಕೊಡುವ ರೈತರಿಗೂ, 340ನೇ ಕಲಂ ಅನ್ವಯಿಸುತ್ತದೆ.

ಇಲ್ಲಿ ನಿಮಗೆ ಒಂದು ಸಂಶಯ ಬರಬಹುದು: ಸಾಹೇಬರೇ ಸಹಿ ಹಾಕುವುದಾದರೆ ಅದು ಫೋರ್ಜರಿ ಹೇಗಾದೀತು? ಒಳ್ಳೆಯ ಪ್ರಶ್ನೆ. ಅವರು ನಿಜವಾಗಿ ಓದಿ, ಒಪ್ಪಿ, ತಾವೇ ಸಹಿ ಮಾಡಿದರೆ ಆ ಸಹಿ ಸುಳ್ಳಾಗುವುದಿಲ್ಲ. ಆದರೆ ಅವರು ಒಪ್ಪಿದ್ದಾರೆ ಎಂಬುದಕ್ಕೆ ನಿಮ್ಮ ಬಳಿ ಇರುವ ಆಧಾರ ಗಿರಾಕಿಯ ಮಾತು ಒಂದೇ. ಲಾಂಛನ, ಸಂಖ್ಯೆ, ದಿನಾಂಕ ಎಲ್ಲ ತುಂಬಿದ ಹಾಳೆ ನಿಮ್ಮ ಅಂಗಡಿಯಿಂದ ಹೊರಬಿದ್ದ ಮೇಲೆ ಅದಕ್ಕೆ ಬೇಕಿರುವುದು ಒಂದು ಗೀಟು ಮಾತ್ರ. ಆ ಗೀಟನ್ನು ಯಾರು ಎಳೆದರು ಎಂಬುದು ನಿಮಗೆ ತಿಳಿಯುವುದಿಲ್ಲ. ಅಲ್ಲದೆ, ನಿಜವಾಗಿ ಒಪ್ಪಿದ ಅಧಿಕಾರಿಯ ಬಳಿ ಸ್ವಂತ ಕಚೇರಿಯ ಲೆಟರ್‌ಹೆಡ್ಡೂ ಇದೆ, ಟೈಪ್ ಮಾಡುವ ಸಿಬ್ಬಂದಿಯೂ ಇದ್ದಾರೆ. ನನಗಂತೂ ಈ ಒಂದು ಸಂಗತಿಯೇ ಬೇರೆಲ್ಲ ವಾದಗಳಿಗಿಂತ ಗಟ್ಟಿ ಎನಿಸುತ್ತದೆ.

ಇಲ್ಲ ಎನ್ನುವಾಗ ಗಿರಾಕಿಯನ್ನು ಕಳ್ಳನಂತೆ ಕಾಣಬೇಡಿ. ಬಂದವರಲ್ಲಿ ಎಷ್ಟೋ ಜನ ಅಲೆದು ಸುಸ್ತಾದವರು. 'ಅಣ್ಣಾ, ಆ ತಲೆಬರಹ ಕಚೇರಿಯದು, ನಾನು ಹಾಕೋ ಹಾಗಿಲ್ಲ. ನಿಮ್ಮ ಹೆಸರಲ್ಲಿ ಒಂದು ಮನವಿ ಬರೆದುಕೊಡ್ತೀನಿ, ಕೂತ್ಕೊಳ್ಳಿ' ಎಂದರೆ ಸಾಕು. ಕಾನೂನಿನ ಕಲಂಗಳನ್ನು ಹೇಳಿ ಹೆದರಿಸುವ ಅಗತ್ಯವಿಲ್ಲ.

ಆ ಮನವಿಯನ್ನು ಬಿಳಿ ಹಾಳೆಯಲ್ಲಿ, ಲಾಂಛನವಿಲ್ಲದೆ ಬರೆಯಿರಿ. 'ಇಂದ' ಎಂಬಲ್ಲಿ ಬಸಪ್ಪನವರ ಹೆಸರು ಮತ್ತು ವಿಳಾಸ, 'ಇವರಿಗೆ' ಎಂಬಲ್ಲಿ ತಹಶೀಲ್ದಾರರು. ವಿಷಯದ ಸಾಲು ಹೀಗಿರಲಿ: 'ಪಹಣಿಯಲ್ಲಿನ ನನ್ನ ಹೆಸರನ್ನು ಆಧಾರ್‌ನಲ್ಲಿರುವಂತೆ ತಿದ್ದುಪಡಿ ಮಾಡಿಕೊಡುವ ಬಗ್ಗೆ.' ಒಳಗೆ ಸರ್ವೆ ನಂಬರು, ಎರಡೂ ಕಡೆ ಹೆಸರು ಹೇಗಿದೆ ಎಂಬ ವಿವರ, ಜಮೀನು ತಮ್ಮ ಹೆಸರಿಗೆ ಬಂದ ಬಗೆ. ಕೊನೆಯಲ್ಲಿ 'ಅಡಕ' ಎಂದು ಬರೆದು, ಜೊತೆಗೆ ಲಗತ್ತಿಸಿದ ಪಹಣಿ, ಆಧಾರ್ ಪ್ರತಿ ಮತ್ತು ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರವನ್ನು, ಅಂದರೆ ಅಫಿಡವಿಟ್ಟನ್ನು, ನಮೂದಿಸಿ. ಎರಡು ಪ್ರತಿ ತೆಗೆದು, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬರಲು ಹೇಳಿ. ವಾರಗಟ್ಟಲೆ ಏನೂ ಆಗದಿದ್ದರೆ ಆ ಮೊಹರಿನ ದಿನಾಂಕವನ್ನು ಆಧರಿಸಿ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೇಳಬಹುದು. ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂಬುದು ಅದರಲ್ಲಿ ಕಾಣುತ್ತದೆ.

ಕೆಲವೊಮ್ಮೆ ಕಚೇರಿಯ ಸಿಬ್ಬಂದಿಯೇ ಕರಡು ಹಿಡಿದು ನಿಮ್ಮಲ್ಲಿಗೆ ಬರುತ್ತಾರೆ. ಅಲ್ಲಿ ಕರೆಂಟ್ ಹೋಗಿರಬಹುದು, ಪ್ರಿಂಟರ್ ಕೆಟ್ಟಿರಬಹುದು. ಆಗ ಒಳಗಿನ ಬರಹವನ್ನಷ್ಟೇ ಟೈಪ್ ಮಾಡಿ, ಮೇಲೆ 'ಕರಡು' ಎಂದು ನಮೂದಿಸಿ, ಸಂಖ್ಯೆ ಮತ್ತು ದಿನಾಂಕದ ಜಾಗವನ್ನು ಖಾಲಿ ಬಿಟ್ಟು ಕೊಡಿ. ಲೆಟರ್‌ಹೆಡ್‌ಗೆ ಇಳಿಸುವ ಕೆಲಸ ಕಚೇರಿಯಲ್ಲೇ ಆಗಲಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮಗಿಂತ ಹಿಂದೆ ಇದ್ದವರು ಉಳಿಸಿಟ್ಟ ಲಾಂಛನದ ನಮೂನೆಗಳೇನಾದರೂ ಇದ್ದರೆ, ಮಾಲೀಕರಿಗೆ ತಿಳಿಸಿ ಮೊದಲ ವಾರದಲ್ಲೇ ಅಳಿಸಿಹಾಕಿ.