ಇ-ಮೇಲ್ ಮೂಲಕ ಕೆಲಸ ವಹಿಸುವ ಕ್ರಮ: ಬಾವಿಗಳ ಕ್ಲೋರಿನೀಕರಣದ ಒಂದು ಉದಾಹರಣೆ

ಮಾನ್ಯ ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ,

ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೆರೆದ ಬಾವಿಗಳಿಗೆ ಹೊಸ ನೀರು ಇಳಿಯುತ್ತದೆ. ಅದರೊಂದಿಗೆ ಗುಡ್ಡದ ಕೊಳೆಯೂ ಇಳಿಯುತ್ತದೆ. ಆ ದಿನಗಳಲ್ಲಿ ಸಾರ್ವಜನಿಕ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದು ಪಂಚಾಯತಿಯ ಕರ್ತವ್ಯ. ಈ ಕೆಲಸವನ್ನು ಅಭಿವೃದ್ಧಿ ಅಧಿಕಾರಿಯು ಕಾರ್ಯದರ್ಶಿಯವರಿಗೆ ಇ-ಮೇಲ್ ಮೂಲಕ ವಹಿಸುವಾಗ ಏನನ್ನು ಬರೆಯಬೇಕು, ಏಕೆ ಬರೆಯಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಸೇವೆಗೆ ಸೇರಿದ ಹೊಸದರಲ್ಲಿ ನಾನು ಕಳುಹಿಸಿದ ಇ-ಮೇಲ್‌ನಲ್ಲಿ ಒಂದೇ ಸಾಲು ಇತ್ತು: “ಎಲ್ಲ ಬಾವಿಗಳ ಕ್ಲೋರಿನೀಕರಣವನ್ನು ಶೀಘ್ರವಾಗಿ ಮಾಡಿಸಿ ವರದಿ ನೀಡುವುದು.” ಹತ್ತು ದಿನಗಳ ನಂತರ ವಿಚಾರಿಸಿದಾಗ ಅರ್ಧದಷ್ಟು ಬಾವಿಗಳಿಗೆ ಮಾತ್ರ ಪುಡಿ ಬಿದ್ದಿತ್ತು. ಎಷ್ಟು ಹಾಕಲಾಯಿತು ಎಂಬ ಲೆಕ್ಕ ಇರಲಿಲ್ಲ. ಒಂದು ಬಾವಿಯಲ್ಲಿ ಸತ್ತ ಹೆಗ್ಗಣ ಕಂಡಿತ್ತು. ಆ ಮಜರೆಯಲ್ಲಿ ಫೋನ್ ಸಿಗದ ಕಾರಣ ಕಾರ್ಯದರ್ಶಿಯವರು ನನ್ನ ಅಪ್ಪಣೆಗಾಗಿ ಕಚೇರಿಗೆ ಮರಳಿದ್ದರು. ಅಷ್ಟರಲ್ಲಿ ಜನರು ಅದೇ ನೀರನ್ನು ಸೇದಿಕೊಂಡಿದ್ದರು. ತಪ್ಪು ಅವರದಲ್ಲ. “ಎಲ್ಲ” ಎಂದರೆ ಯಾವುವು, “ಶೀಘ್ರ” ಎಂದರೆ ಎಂದು, ಬಾವಿಯ ಕಟ್ಟೆಯ ಮೇಲೆ ನಿಂತಾಗ ತಾವೇ ಏನನ್ನು ನಿರ್ಧರಿಸಬಹುದು ಎಂಬ ಮೂರನ್ನೂ ನಾನು ತಿಳಿಸಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಬರೆದ ಇ-ಮೇಲ್‌ನ ಮಾದರಿ ಹೀಗಿದೆ. ಬಾವಿಗಳ ಸಂಖ್ಯೆ ಮತ್ತು ದಿನಾಂಕಗಳನ್ನು ಆಯಾ ಪಂಚಾಯತಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು.

ವಿಷಯ: 14 ಸಾರ್ವಜನಿಕ ಬಾವಿಗಳ ಕ್ಲೋರಿನೀಕರಣ – ಜೂನ್ 10ರ ಸಂಜೆ 5 ಗಂಟೆಯೊಳಗೆ

ಕಾರ್ಯದರ್ಶಿಯವರಿಗೆ,

ಲಗತ್ತಿಸಿದ ಪಟ್ಟಿಯ 14 ಬಾವಿಗಳ ಮೊದಲ ಸುತ್ತಿನ ಕ್ಲೋರಿನೀಕರಣವನ್ನು ತಮಗೆ ವಹಿಸಿದೆ. ನೀರುಗಂಟಿಗಳಿಬ್ಬರೂ ತಮ್ಮೊಂದಿಗೆ ಇರುತ್ತಾರೆ. ಪುಡಿ ಹಾಕಿ ಒಂದು ಗಂಟೆಯ ನಂತರ ಪ್ರತಿ ಬಾವಿಯ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಕಂಡುಬಂದು, ವಹಿಯಲ್ಲಿ ದಾಖಲಾದರೆ ಆ ಬಾವಿಯ ಕೆಲಸ ಮುಗಿದಂತೆ.

ಜೂನ್ 3ರ ಮಧ್ಯಾಹ್ನದೊಳಗೆ ಒಪ್ಪಿಗೆ ಅಥವಾ ಅಡಚಣೆಯನ್ನು ತಿಳಿಸಿರಿ. ಜೂನ್ 6ರ ಸಂಜೆ, ಮುಗಿದ ಬಾವಿಗಳ ಸಂಖ್ಯೆಯನ್ನು ತಿಳಿಸಿರಿ.

ತಾವೇ ನಿರ್ಧರಿಸಬಹುದಾದುದು: ಬಾವಿಗಳ ಸರದಿ, ಹಾಕುವ ವೇಳೆ, ಪುಡಿಯ ಪ್ರಮಾಣ. ಉಳಿಕೆ ಕಡಿಮೆ ಕಂಡರೆ ಮೊದಲ ಪ್ರಮಾಣದ ಅರ್ಧದಷ್ಟನ್ನು ಒಂದು ಬಾರಿ ಮಾತ್ರ ಮತ್ತೆ ಹಾಕಬಹುದು.

ಮಾಡಿ, ಅದೇ ದಿನ ನನಗೆ ತಿಳಿಸಬೇಕಾದುದು: ಸತ್ತ ಪ್ರಾಣಿ ಕಂಡರೆ, ಅಥವಾ ಎರಡನೆಯ ಬಾರಿಯೂ ಉಳಿಕೆ ಬಾರದಿದ್ದರೆ, ಬಳಕೆ ನಿಲ್ಲಿಸಿ ಫಲಕ ಹಾಕಿಸಿರಿ. ಇದಕ್ಕೆ ನನ್ನ ಅಪ್ಪಣೆ ಬೇಕಿಲ್ಲ.

ಕೇಳದೆ ಮಾಡಬಾರದುದು: ನಿಲ್ಲಿಸಿದ ಬಾವಿಯನ್ನು ಮತ್ತೆ ಬಳಕೆಗೆ ಬಿಡುವುದು, ದಾಸ್ತಾನಿನ ಹೊರತು ಪುಡಿ ಖರೀದಿಸುವುದು, ಪಟ್ಟಿಯಲ್ಲಿಲ್ಲದ ಬಾವಿಗೆ ಹಾಕುವುದು.

ಪ್ರತಿ: ಮಾನ್ಯ ಅಧ್ಯಕ್ಷರಿಗೆ.

ಈ ಪತ್ರದ ಮೊದಲ ಗುಣವೆಂದರೆ ಮುಗಿದ ಕೆಲಸದ ಲಕ್ಷಣವನ್ನು ಅಳತೆಯಲ್ಲಿ ಹೇಳಿರುವುದು. ಪುಡಿ ಹಾಕುವುದೇ ಗುರಿಯಾದರೆ ಹಾಕಿದೊಡನೆ ಕೆಲಸ ಮುಗಿಯುತ್ತದೆ. ಉಳಿಕೆ ಕ್ಲೋರಿನ್ ಗುರಿಯಾದರೆ ನೀರನ್ನು ಕ್ಲೋರೋಸ್ಕೋಪಿನಲ್ಲಿ ಪರೀಕ್ಷಿಸದೆ ಮುಗಿಯುವುದಿಲ್ಲ. ಹಳೆಯ ಪುಡಿ ಸತ್ವ ಕಳೆದುಕೊಂಡಿದ್ದರೂ, ನೀರು ಅತಿಯಾಗಿ ಕಲುಷಿತವಾಗಿದ್ದರೂ ಈ ಪರೀಕ್ಷೆಯಲ್ಲಿಯೇ ಅದು ಗೊತ್ತಾಗುತ್ತದೆ. ಎರಡನೆಯ ಬಾರಿಯೂ ಉಳಿಕೆ ಬಾರದಿದ್ದರೆ ಮೂರನೆಯ ಬಾರಿ ಸುರಿಯುವುದಕ್ಕಿಂತ ಕಾರಣ ಹುಡುಕುವುದೇ ಸರಿ. ಆದುದರಿಂದ “ಒಂದು ಬಾರಿ ಮಾತ್ರ” ಎಂಬ ಮಿತಿ.

ಪುಡಿಯ ಪ್ರಮಾಣವನ್ನು ಪತ್ರದಲ್ಲಿ ನಾನೇ ನಿಗದಿಪಡಿಸಲಿಲ್ಲ. ಮಳೆ ಬಿದ್ದಂತೆ ಬಾವಿಯ ನೀರು ದಿನದಿನಕ್ಕೆ ಏರುವುದರಿಂದ ಕಚೇರಿಯಲ್ಲಿ ಕುಳಿತು ಬರೆದ ಅಂಕಿ ಬಾವಿಯ ಬಳಿ ಸುಳ್ಳಾಗುತ್ತದೆ. ಲೆಕ್ಕದ ಕ್ರಮವನ್ನು ಮಾತ್ರ ಪಟ್ಟಿಯ ಕೆಳಗೆ ಕೊಟ್ಟಿದ್ದೆ. 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್ ಆಗುತ್ತದೆ. ಸಾವಿರ ಲೀಟರಿಗೆ ಉತ್ತಮ ಪುಡಿ 2.5 ಗ್ರಾಂನಂತೆ ಸುಮಾರು 70 ಗ್ರಾಂ ಬೇಕು. ಅಳೆಯುವವರೇ ಪ್ರಮಾಣವನ್ನು ನಿರ್ಧರಿಸಲಿ, ಆದರೆ ಅಳೆದ ನೀರಿನ ಆಳವನ್ನು ವಹಿಯಲ್ಲಿ ಬರೆಯಲಿ ಎಂಬುದು ಇದರ ಉದ್ದೇಶ.

ಎರಡನೆಯದು ಗಡುವು. ಕೊನೆಯ ದಿನಾಂಕವೊಂದೇ ಇದ್ದರೆ ತೊಡಕು ತಿಳಿಯುವುದು ಆ ದಿನವೇ. ಜೂನ್ 3ರ ಉತ್ತರವು ಪತ್ರ ತಲುಪಿದೆ, ಕೆಲಸ ಅರ್ಥವಾಗಿದೆ ಎಂಬುದಕ್ಕೆ ಸಾಕ್ಷಿ. ವಿದ್ಯುತ್ ಹಾಗೂ ಇಂಟರ್‌ನೆಟ್ ಕೈಕೊಡುವ ಮಳೆಗಾಲದಲ್ಲಿ ಕಳುಹಿಸಿದ್ದೆಲ್ಲ ಓದಿದಂತಾಗುವುದಿಲ್ಲ. ಉತ್ತರ ಬಾರದಿದ್ದರೆ ಪತ್ರದ ಮುದ್ರಿತ ಪ್ರತಿಯನ್ನು ಕೈಗೆ ಕೊಟ್ಟು ಸಹಿ ಪಡೆಯಬೇಕು. ಜೂನ್ 6ರಂದು ಐದಕ್ಕಿಂತ ಕಡಿಮೆ ಬಾವಿಗಳು ಮುಗಿದಿದ್ದರೆ ಇನ್ನೊಬ್ಬ ಸಿಬ್ಬಂದಿಯನ್ನು ಕೊಡಲು ನಾಲ್ಕು ದಿನಗಳ ಅವಕಾಶ ಇರುತ್ತದೆ.

ಮೂರನೆಯದು ನಿರ್ಧಾರದ ಮಿತಿ. ನಮ್ಮ ತಾಲೂಕುಗಳಲ್ಲಿ ಇದೇ ಮುಖ್ಯ, ಏಕೆಂದರೆ ಕಾಡಿನ ನಡುವೆ ಚದುರಿದ ಮಜರೆಗಳಿಂದ ಫೋನ್ ಮಾಡಿ ಕೇಳುವ ಅನುಕೂಲ ಎಲ್ಲೆಡೆ ಇಲ್ಲ. ಈ ಮಿತಿಯನ್ನು ಗೆರೆ ಎಳೆಯುವಾಗ ನಾನು ಅನುಸರಿಸಿದ ನಿಯಮ ಸರಳವಾದುದು. ಬಾವಿಯ ಬಳಕೆಯನ್ನು ತಪ್ಪಾಗಿ ನಿಲ್ಲಿಸಿದರೆ ಜನರಿಗೆ ಒಂದು ದಿನದ ತೊಂದರೆ. ತಪ್ಪಾಗಿ ಬಿಟ್ಟರೆ ಕೇರಿಗೆಲ್ಲ ವಾಂತಿಭೇದಿ. ಆದ್ದರಿಂದ ನಿಲ್ಲಿಸುವ ಅಧಿಕಾರವನ್ನು ಸ್ಥಳದಲ್ಲಿರುವವರಿಗೆ ಕೊಟ್ಟು, ಮರಳಿ ಬಿಡುವ ಅಧಿಕಾರವನ್ನು ನಾನು ಉಳಿಸಿಕೊಂಡೆ. ಖರ್ಚಿನ ವಿಷಯದಲ್ಲಿ ಹೀಗೆ ಹಂಚಲು ಬರುವುದಿಲ್ಲ. ಪಂಚಾಯತಿ ನಿಧಿಯ ಹಣ ಪಾವತಿಗೆ ಅಧ್ಯಕ್ಷರ ಹಾಗೂ ಅಭಿವೃದ್ಧಿ ಅಧಿಕಾರಿಯ ಜಂಟಿ ಸಹಿ ಬೇಕಾಗಿರುವಾಗ, ಇ-ಮೇಲ್‌ನಿಂದ ಆ ಅಧಿಕಾರ ಕಾರ್ಯದರ್ಶಿಗೆ ವರ್ಗವಾಗದು. ಹಾಗೆಯೇ ಕೆಲಸವನ್ನು ವಹಿಸಿದರೂ ಹೊಣೆ ವಹಿಸಿದವರಲ್ಲಿಯೇ ಉಳಿಯುತ್ತದೆ.

ಇಲ್ಲಿ ಸದಸ್ಯರ ಪಾತ್ರ ಬರುತ್ತದೆ. ನೀರುಗಂಟಿ ಎದುರಾದಾಗ “ಮೊದಲು ನಮ್ಮ ವಾರ್ಡಿಗೆ ಬಾ, ಪಕ್ಕದ ಮನೆಯ ಬಾವಿಗೂ ಸ್ವಲ್ಪ ಹಾಕು” ಎನ್ನುವುದು ಸಹಜ. ಆದರೆ ಆ ಮಾತಿನಿಂದ ಪುಡಿಯ ದಾಸ್ತಾನು, ದಿನಾಂಕ ಎರಡೂ ತಪ್ಪುತ್ತವೆ; ಲಿಖಿತ ಸೂಚನೆ ಒಂದು, ಬಾಯಿಮಾತು ಇನ್ನೊಂದು ಆದಾಗ ಸಿಬ್ಬಂದಿ ಇಕ್ಕಟ್ಟಿಗೆ ಸಿಲುಕುತ್ತಾರೆ. ಪಟ್ಟಿಯಲ್ಲಿ ಬಾವಿಯೊಂದು ಬಿಟ್ಟುಹೋಗಿದ್ದರೆ ಅಭಿವೃದ್ಧಿ ಅಧಿಕಾರಿಗೆ ತಿಳಿಸಿರಿ. ಅವರು ಅದೇ ಇ-ಮೇಲ್‌ಗೆ ಉತ್ತರವಾಗಿ ಪಟ್ಟಿಯನ್ನು ತಿದ್ದಿ, ಅಗತ್ಯವಿದ್ದರೆ ಗಡುವನ್ನೂ ಬದಲಿಸಿ ಕಳುಹಿಸಲಿ.

ಬಾವಿಗೆ ಹಾಕಿದ ಕ್ಲೋರಿನ್ ಬಹುಕಾಲ ನಿಲ್ಲುವುದಿಲ್ಲವಾದ್ದರಿಂದ ಮಳೆಗಾಲದುದ್ದಕ್ಕೂ ಈ ಸುತ್ತು ಮರುಕಳಿಸುತ್ತದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಇ-ಮೇಲ್‌ನ ಪ್ರತಿಯನ್ನೂ ಬಾವಿಗಳ ವಹಿಯನ್ನೂ ಎದುರುಬದುರು ಇಟ್ಟು ನೋಡುವುದು ಸೂಕ್ತ. ವಹಿಯಲ್ಲಿ ನೀರಿನ ಆಳ, ಪುಡಿಯ ತೂಕ, ಒಂದು ಗಂಟೆಯ ನಂತರದ ಉಳಿಕೆ ಈ ಮೂರು ಅಂಕಿಗಳಿರಬೇಕು. ಎಲ್ಲ ಬಾವಿಗಳಿಗೂ ಒಂದೇ ತೂಕ ಬರೆದಿದ್ದರೆ ಅಳತೆ ನಡೆದಿಲ್ಲವೆಂದೇ ತಿಳಿದು, ಎರಡನೆಯ ಸುತ್ತಿಗೆ ಮೊದಲು ಕಾರ್ಯದರ್ಶಿಯವರನ್ನೂ ಅಭಿವೃದ್ಧಿ ಅಧಿಕಾರಿಯನ್ನೂ ಕೇಳತಕ್ಕದ್ದು.