ಹೊಸನಗರ ತಾಲ್ಲೂಕಿನ ಸರಾಸರಿಯಲ್ಲಿ ರಿಪ್ಪನ್‌ಪೇಟೆಯ ಮಳೆ ಎಷ್ಟು?

ಮುಂಗಾರು ಜೋರಾದ ದಿನಗಳಲ್ಲಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಹೊಸನಗರ ತಾಲ್ಲೂಕಿನ ಮಳೆ ಎಂದು ಬರುವ ಊರುಗಳ ಹೆಸರು ಒಮ್ಮೆ ಗಮನಿಸಿ. ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು. ಇವೆಲ್ಲ ಘಟ್ಟದ ನೆತ್ತಿಯ ಊರುಗಳು, ಹೆಚ್ಚಿನವು ವಾರಾಹಿ, ಚಕ್ರಾ ಜಲವಿದ್ಯುತ್ ಯೋಜನೆಗಳ ಆಸುಪಾಸಿನವು. ಅಣೆಕಟ್ಟೆಗೆ ಎಷ್ಟು ನೀರು ಬರುತ್ತದೆಂದು ತಿಳಿಯುವುದು ವಿದ್ಯುತ್ ಉತ್ಪಾದಿಸುವವರಿಗೆ ಬೇಕು. ಆದ್ದರಿಂದ ಅಲ್ಲಿ ಮಳೆ ಮಾಪಕ ಇದೆ, ದಿನವೂ ಅಳೆಯುವವರಿದ್ದಾರೆ, ಅಂಕಿ ಬೆಳಿಗ್ಗೆಯೇ ಸಿಗುತ್ತದೆ. ತಾಲ್ಲೂಕಿನ ಪೂರ್ವ ಅಂಚಿನ ರಿಪ್ಪನ್‌ಪೇಟೆ, ಕೆಂಚನಾಲ, ಅರಸಾಳು ಕಡೆಯ ತೋಟದವರು ಆ ಅಂಕಿಯನ್ನು ತಮ್ಮ ಊರಿನ ಮಳೆಯೆಂದು ಲೆಕ್ಕಕ್ಕೆ ಹಿಡಿದರೆ ಔಷಧಿ ಹೊಡೆಯುವ ದಿನ, ಗದ್ದೆ ನಾಟಿಯ ದಿನ, ವಿಮೆಯ ನಿರೀಕ್ಷೆ ಎಲ್ಲವೂ ತಪ್ಪುತ್ತವೆ.

ಹುಲಿಕಲ್ ಘಾಟಿಯಿಂದ ರಿಪ್ಪನ್‌ಪೇಟೆಗೆ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ. ಅಷ್ಟರೊಳಗೇ ಮಳೆ ಬಹಳ ಇಳಿದುಬಿಡುತ್ತದೆ. ಅರಬ್ಬಿ ಸಮುದ್ರದಿಂದ ಬರುವ ನೈರುತ್ಯ ಮಾರುತ ತೇವ ಹೊತ್ತು ಬಂದು ಘಟ್ಟದ ಗೋಡೆಗೆ ಒತ್ತಿಕೊಂಡು ಮೇಲೇರುತ್ತದೆ. ಏರಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಹೊತ್ತ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಸುರಿಸುತ್ತದೆ. ಇದರ ದೊಡ್ಡ ಪಾಲು ಘಟ್ಟದ ಮುಖ ಮತ್ತು ನೆತ್ತಿಯ ಮೇಲೇ ಬೀಳುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರ್ ದಾಟುವುದು ಇದೇ ಕಾರಣಕ್ಕೆ. ನೆತ್ತಿ ದಾಟಿ ಒಳನಾಡಿಗೆ ಇಳಿದ ಗಾಳಿ ಮತ್ತೆ ಬಿಸಿಯಾಗುತ್ತದೆ, ಮೋಡ ತೆಳುವಾಗುತ್ತದೆ. ಶಿವಮೊಗ್ಗ ನಗರಕ್ಕೆ ಬರುವ ಹೊತ್ತಿಗೆ ವರ್ಷದ ಮಳೆ ಸಾವಿರ ಮಿಲಿಮೀಟರ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ರಿಪ್ಪನ್‌ಪೇಟೆ ಇರುವುದು ಇವೆರಡರ ನಡುವಿನ ಇಳಿಜಾರಿನಲ್ಲಿ.

ಈ ಇಳಿಜಾರನ್ನು ಪಟ್ಟಿಗಳಾಗಿ ಕತ್ತರಿಸಲು ಹಲವು ವಿಧಾನಗಳಿವೆ, ಒಂದೊಂದೂ ಒಂದೊಂದು ಕಡೆ ಕತ್ತರಿಸುತ್ತದೆ. ಕೃಷಿ ಇಲಾಖೆ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಬಳಸುವ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ ಒಂಬತ್ತನೆಯದಾದ ಗುಡ್ಡಗಾಡು ವಲಯಕ್ಕೆ ಸೇರಿವೆ. ಪಕ್ಕದ ಶಿವಮೊಗ್ಗ, ಶಿಕಾರಿಪುರ, ಭದ್ರಾವತಿ ಏಳನೆಯದಾದ ದಕ್ಷಿಣ ಪರಿವರ್ತನಾ ವಲಯದಲ್ಲಿವೆ. ಇಲ್ಲಿ ಗೆರೆ ಎಳೆದಿರುವುದು ತಾಲ್ಲೂಕಿನ ಗಡಿಯ ಮೇಲೆ, ಮಳೆಗೆ ಆ ಗಡಿ ಗೊತ್ತಿಲ್ಲ. ಭಾರತೀಯ ಹವಾಮಾನ ಇಲಾಖೆಯಂತೂ ಇಡೀ ಶಿವಮೊಗ್ಗ ಜಿಲ್ಲೆಯನ್ನು, ಆಗುಂಬೆಯನ್ನೂ ಸೇರಿಸಿ, ‘ದಕ್ಷಿಣ ಒಳನಾಡು ಕರ್ನಾಟಕ’ ಎಂಬ ಉಪವಿಭಾಗದಲ್ಲಿ ಇಟ್ಟಿದೆ. ರೇಡಿಯೋದಲ್ಲಿ ‘ದಕ್ಷಿಣ ಒಳನಾಡಿನ ಕೆಲವೆಡೆ ಮಳೆ’ ಎಂದಾಗ ಕೋಲಾರ, ತುಮಕೂರಿನ ಜೊತೆ ನಮ್ಮ ಘಟ್ಟವೂ ಅದರಲ್ಲಿ ಸೇರಿರುತ್ತದೆ. ಮಲೆನಾಡನ್ನು ಪ್ರತ್ಯೇಕವಾಗಿ ಹೇಳುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರದಿ. ನಮ್ಮ ರೈತರು ನೋಡಬೇಕಾದ್ದು ಅದನ್ನು.

ಗಡಿಯನ್ನು ನೋಡದೆ ಬರೀ ಮಳೆ, ಉಷ್ಣಾಂಶ ನೋಡಿ ವಿಂಗಡಿಸುವ ಕ್ರಮವೂ ಇದೆ. ವ್ಲಾದಿಮಿರ್ ಕೊಪ್ಪೆನ್ ಎಂಬ ಹವಾಮಾನ ವಿಜ್ಞಾನಿ 1884ರಲ್ಲಿ ಆರಂಭಿಸಿ ಮುಂದೆ ತಿದ್ದುತ್ತ ಹೋದ ಈ ವರ್ಗೀಕರಣವನ್ನು ಜಗತ್ತಿನಾದ್ಯಂತ ಈಗಲೂ ಬಳಸುತ್ತಾರೆ. ಅತಿ ತಂಪಿನ ತಿಂಗಳ ಸರಾಸರಿಯೂ 18 ಡಿಗ್ರಿಗಿಂತ ಕಡಿಮೆಯಾಗದ ಊರು ಉಷ್ಣವಲಯದ್ದು. ಅತಿ ಒಣ ತಿಂಗಳಲ್ಲಿ 60 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ಇಂಥ ಊರುಗಳನ್ನು ಎರಡು ಮಾಡಲು ಒಂದು ಸಣ್ಣ ಲೆಕ್ಕವಿದೆ. ವರ್ಷದ ಮಳೆಯನ್ನು 25ರಿಂದ ಭಾಗಿಸಿ, ಬಂದದ್ದನ್ನು 100ರಿಂದ ಕಳೆಯಬೇಕು. ಅತಿ ಒಣ ತಿಂಗಳ ಮಳೆ ಆ ಉತ್ತರದಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮಾನ್ಸೂನ್ ಹವಾಗುಣ, ಕಡಿಮೆಯಿದ್ದರೆ ಸವನ್ನಾ, ಎಂದರೆ ಮಳೆಗಾಲವೂ ದೀರ್ಘ ಒಣಗಾಲವೂ ಇರುವ ಹವಾಗುಣ. ನಮ್ಮ ಕಡೆ ಜನವರಿಯಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ವರ್ಷಕ್ಕೆ 1,500 ಮಿ.ಮೀ. ಬೀಳುವ ಊರಿಗೆ ಲೆಕ್ಕದ ಉತ್ತರ 40, ಜನವರಿಯ ಮಳೆ ಅದನ್ನು ಮುಟ್ಟುವುದಿಲ್ಲ, ಹಾಗಾಗಿ ಅದು ಸವನ್ನಾ. ವರ್ಷದ ಮಳೆ 2,500 ಮಿ.ಮೀ. ಆದೊಡನೆ ಉತ್ತರ ಸೊನ್ನೆಗಿಳಿಯುತ್ತದೆ, ಜನವರಿ ಎಷ್ಟೇ ಒಣಗಿರಲಿ ಅದು ಮಾನ್ಸೂನ್ ಹವಾಗುಣ. ಅಂದರೆ ನಮ್ಮ ಮಲೆನಾಡಿನ ತಾಲ್ಲೂಕುಗಳಲ್ಲಿ 2,500 ಮಿ.ಮೀ. ಮಳೆಯ ಗೆರೆ ಎಲ್ಲೆಲ್ಲಿ ಹಾದುಹೋಗುತ್ತದೋ ಅಲ್ಲೇ ಹವಾಗುಣದ ಗಡಿ. ಆ ಗೆರೆಯ ಪಶ್ಚಿಮಕ್ಕೆ ಮಣ್ಣು ನೀರನ್ನು ಇಂಗಿಸಿಕೊಂಡು ಒರತೆಗಳು ಬೇಸಿಗೆಯಲ್ಲೂ ಬಹುಕಾಲ ಹರಿಯಬಹುದು. ಪೂರ್ವಕ್ಕೆ ಅಡಿಕೆ ತೋಟಕ್ಕೆ ನೀರು ಹಾಯಿಸುವ ದಿನ ಬೇಗ ಬರುತ್ತದೆ. ಈ ಗೆರೆ ನಿಮ್ಮ ಊರಿನ ಯಾವ ಪಕ್ಕದಲ್ಲಿದೆ ಎಂದು ತಿಳಿಯಲು ಊರಿನದೇ ಹಲವು ವರ್ಷದ ಮಳೆ ಲೆಕ್ಕ ಬೇಕು, ತಾಲ್ಲೂಕಿನ ಸರಾಸರಿ ಸಾಲದು.

ಲೆಕ್ಕ ಹುಟ್ಟುವುದು ಮಾಪಕದಲ್ಲಿ. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಹೆಸರಿಗೆ ಬರೆಯುತ್ತಾರೆ. ಸೋಮವಾರ ಇಡೀ ದಿನ, ರಾತ್ರಿ ಸುರಿದ ಮಳೆ ಮಂಗಳವಾರದ ಅಂಕಿಯಾಗಿ ಬರುವುದು ಹೀಗೆ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್. ಕೂಡುಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್ ಇರುವ ಮಾಪಕದಲ್ಲಿ ಅದು 20 ಮಿಲಿಲೀಟರ್ ನೀರು. ಅದರ ಒಳಗೆ ನಾಲ್ಕು ಲೀಟರ್ ಬಾಟಲಿ ಇದ್ದರೆ 200 ಮಿ.ಮೀ.ಗೆ ಅದು ತುಂಬುತ್ತದೆ. ಘಟ್ಟದ ನೆತ್ತಿಯಲ್ಲಿ ಒಂದೇ ದಿನ ಅಷ್ಟು ಸುರಿಯುವುದು ಅಪರೂಪವಲ್ಲ. ನಡುವೆ ಒಮ್ಮೆ ಖಾಲಿ ಮಾಡಿ ಅಳೆಯದಿದ್ದರೆ ಹೆಚ್ಚಿನ ಮಳೆ ಲೆಕ್ಕಕ್ಕೇ ಸಿಗುವುದಿಲ್ಲ.

ಗ್ರಾಮ ಪಂಚಾಯಿತಿಗಳಲ್ಲಿ ಉಸ್ತುವಾರಿ ಕೇಂದ್ರ ನಿಲ್ಲಿಸಿರುವ ಮಾಪಕಗಳು ತಾನಾಗಿ ಅಳೆದು ಅಂಕಿ ಕಳಿಸುತ್ತವೆ. ತಾನಾಗಿ ಅಳೆಯುವ ಇಂಥ ಮಾಪಕಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ಪುಟ್ಟ ಬಟ್ಟಲು. ನಿಗದಿಯಷ್ಟು ನೀರು ತುಂಬಿದೊಡನೆ ಒಂದು ಮಗುಚಿ ಇನ್ನೊಂದು ಮೇಲೆ ಬರುತ್ತದೆ, ಮಗುಚಿದ ಸಲ ಎಣಿಕೆಯಾಗುತ್ತದೆ. ತೀರಾ ಬಿರುಸಿನ ಮಳೆಯಲ್ಲಿ ಬಟ್ಟಲು ಮಗುಚುವ ಕ್ಷಣದಲ್ಲಿ ಸ್ವಲ್ಪ ನೀರು ಎಣಿಕೆ ತಪ್ಪಿಸಿಕೊಂಡು ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕೂಡುಬಾಯಿಗೆ ಬಿದ್ದ ಎಲೆ, ಜೇಡರ ಬಲೆ, ಹಕ್ಕಿಯ ಹಿಕ್ಕೆ. ತೂತು ಕಟ್ಟಿಕೊಂಡರೆ ಅಬ್ಬರದ ಮಳೆ ಸಣ್ಣ ಜಿನುಗಾಗಿ ದಾಖಲಾಗುತ್ತದೆ, ಇಲ್ಲವೇ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಒಂದೇ ಸಮ ಬರುತ್ತಿರುವಂತೆ ಕಾಣುತ್ತದೆ. ಸುತ್ತಲಿನ ಮೂರು ಪಂಚಾಯಿತಿಗಳಲ್ಲಿ 60, 75, 80 ಎಂದಿದ್ದು ನಡುವಿನದ್ದು ಸೊನ್ನೆ ಎಂದರೆ ಅಲ್ಲಿ ಮಳೆ ಬಂದಿಲ್ಲವೆಂದು ನಂಬಬೇಡಿ, ಮಾಪಕ ನೋಡಬೇಕು. ಮಾಪಕದ ಪಕ್ಕದಲ್ಲಿ ಮರ ಅಥವಾ ಕಟ್ಟಡವಿದ್ದರೆ ಅದರ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕು. ಹತ್ತು ಅಡಿ ಎತ್ತರದ ಕಟ್ಟಡಕ್ಕೆ ಇಪ್ಪತ್ತು ಅಡಿ. ಮಾಪಕ ನಿಲ್ಲಿಸಿದಾಗ ಬಯಲಾಗಿದ್ದ ಜಾಗದಲ್ಲಿ ಹತ್ತು ವರ್ಷದಲ್ಲಿ ಗಿಡ ಬೆಳೆದು ನಿಂತಿರುವುದು ಮಲೆನಾಡಿನಲ್ಲಿ ಸಾಮಾನ್ಯ.

ಈಗ ಸರಾಸರಿ. ಹವಾಮಾನ ಇಲಾಖೆ ಜಿಲ್ಲೆಯ ಮಳೆಯನ್ನು ಕೇಂದ್ರಗಳ ಅಂಕಿ ಕೂಡಿಸಿ ಕೇಂದ್ರಗಳ ಸಂಖ್ಯೆಯಿಂದ ಭಾಗಿಸಿ ತೆಗೆಯುತ್ತದೆ. ಜಿಲ್ಲೆಗಳನ್ನು ಸೇರಿಸಿ ಉಪವಿಭಾಗದ ಲೆಕ್ಕ ಮಾಡುವಾಗ ಮಾತ್ರ ವಿಸ್ತೀರ್ಣಕ್ಕೆ ತಕ್ಕ ತೂಕ ಕೊಡುತ್ತದೆ. ಬಯಲುಸೀಮೆಯಲ್ಲಿ ಮೊದಲ ಕ್ರಮದಿಂದ ದೊಡ್ಡ ಬಾಧಕವಿಲ್ಲ, ಮಲೆನಾಡಿನಲ್ಲಿ ಇದೆ. ಅರ್ಥವಾಗಲೆಂದು ಕಲ್ಪಿತ ಅಂಕಿಗಳಲ್ಲಿ ನೋಡೋಣ. ಒಂದು ತಾಲ್ಲೂಕಿನಲ್ಲಿ ನಾಲ್ಕು ಮಾಪಕಗಳು, ಎರಡು ಘಟ್ಟದ ನೆತ್ತಿಯಲ್ಲಿ, ಒಂದು ನಡುವೆ, ಒಂದು ಪೂರ್ವದಲ್ಲಿ. ಒಂದು ದಿನದ ಮಳೆ ಅನುಕ್ರಮವಾಗಿ 250, 220, 110, 40 ಮಿ.ಮೀ. ಕೂಡಿಸಿ ನಾಲ್ಕರಿಂದ ಭಾಗಿಸಿದರೆ 155. ಆದರೆ ನೆತ್ತಿಯ ಮಾಪಕಗಳು ಪ್ರತಿನಿಧಿಸುವ ನೆಲ ತಾಲ್ಲೂಕಿನ ಶೇ 10 ಮತ್ತು ಶೇ 15, ನಡುವಿನದ್ದು ಶೇ 30, ಪೂರ್ವದ್ದು ಶೇ 45 ಎಂದಿಟ್ಟುಕೊಳ್ಳಿ. ಆಗ 25, 33, 33, 18 ಕೂಡಿ 109 ಆಗುತ್ತದೆ. ಅದೇ ಮಳೆ, ಅದೇ ಮಾಪಕಗಳು, ಉತ್ತರದಲ್ಲಿ 46 ಮಿ.ಮೀ. ಅಂತರ. ಪ್ರತಿ ಮಾಪಕಕ್ಕೆ ಹತ್ತಿರದ ನೆಲವನ್ನು ಹಂಚಿಕೊಡುವ ಈ ಎರಡನೇ ಕ್ರಮವನ್ನು ಅಮೆರಿಕದ ಆಲ್ಫ್ರೆಡ್ ಥೀಸನ್ 1911ರಲ್ಲಿ ಸೂಚಿಸಿದ. ಅದೂ ಪೂರ್ವದ ರೈತನ 40 ಮಿ.ಮೀ.ಯನ್ನು ತೋರಿಸುವುದಿಲ್ಲ ಎಂಬುದನ್ನು ಮರೆಯಬೇಡಿ. ತಾಲ್ಲೂಕಿನ ಸರಾಸರಿ ಯಾವ ಕ್ರಮದಿಂದ ಬಂದರೂ ಅದು ಯಾರ ತೋಟದಲ್ಲೂ ಬಿದ್ದ ಮಳೆಯಲ್ಲ.

‘ವಾಡಿಕೆ ಮಳೆ’ ಎಂಬುದು ಇಂಥ ಅಂಕಿಗಳ ಹಲವು ದಶಕಗಳ ಸರಾಸರಿ. ಹವಾಮಾನ ಇಲಾಖೆ ಈಗ ಮಳೆಗೆ 1971ರಿಂದ 2020ರವರೆಗಿನ ಐವತ್ತು ವರ್ಷ ಹಿಡಿಯುತ್ತದೆ. ವಾಡಿಕೆಗಿಂತ ಶೇ 19ರಷ್ಟು ಹೆಚ್ಚು ಅಥವಾ ಕಡಿಮೆಯಾದರೂ ಅದನ್ನು ‘ವಾಡಿಕೆಯಂತೆ’ ಎಂದೇ ಕರೆಯುತ್ತಾರೆ, ಶೇ 20 ಕಡಿಮೆಯಾದರೆ ‘ಕೊರತೆ’. ಜುಲೈ ವಾಡಿಕೆ 2,000 ಇರುವ ಕಡೆ ಶೇ 25 ಕೊರತೆಯಾದರೂ 1,500 ಮಿ.ಮೀ. ಬಿದ್ದಿರುತ್ತದೆ, ಅಲ್ಲಿ ಗದ್ದೆ ಒಣಗುವ ಪ್ರಶ್ನೆಯಿಲ್ಲ. ವಾಡಿಕೆ 500 ಇರುವ ಕಡೆ ಅದೇ ಕೊರತೆಯೆಂದರೆ 375 ಉಳಿಯುತ್ತದೆ, ಮಕ್ಕಿಗದ್ದೆಯ ನಾಟಿಗೆ ಅದು ಸಾಲದೆ ಹೋಗಬಹುದು. ಇನ್ನೊಂದು ಅಂಕಿ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ: ಮಳೆಯ ದಿನಗಳ ಎಣಿಕೆ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನು ಮಳೆಯ ದಿನ ಎನ್ನುತ್ತಾರೆ. ಒಟ್ಟು ಮಳೆ ಒಂದೇ ಆದರೂ ಐದು ದಿನದಲ್ಲಿ ಸುರಿದು ಬಿಸಿಲು ಬಿದ್ದರೆ ಅಡಿಕೆಗೆ ಕೊಳೆಯ ಭಯ ಕಡಿಮೆ, ಇಪ್ಪತ್ತು ದಿನ ಬಿಡದೆ ಹಿಡಿದರೆ ಹೆಚ್ಚು.

ಕೊಳೆ ರೋಗಕ್ಕೆ ಮುಂಗಾರು ಹಿಡಿಯುವ ಮೊದಲು ಶೇ 1ರ ಬೋರ್ಡೋ ದ್ರಾವಣ, 40ರಿಂದ 45 ದಿನಕ್ಕೆ ಎರಡನೇ ಸಲ ಎಂಬ ಶಿಫಾರಸು ಎಲ್ಲರಿಗೂ ಗೊತ್ತು. ಪುನರ್ವಸು, ಪುಷ್ಯ ಮಳೆ ಬಿಡುವು ಕೊಡದ ವರ್ಷ ಆ ಅಂತರದ ಒಳಗೇ ಮತ್ತೊಮ್ಮೆ ತೋಟ ನೋಡಬೇಕಾಗುತ್ತದೆ. ಅದನ್ನು ತೀರ್ಮಾನಿಸಲು ನಿಮ್ಮ ಅಂಗಳದ ಅಂಕಿಯೇ ಸರಿ. ನೇರ ಗೋಡೆಯ, ಚಪ್ಪಟೆ ತಳದ ಡಬ್ಬವೊಂದನ್ನು ಬಯಲಿನಲ್ಲಿ ಮಟ್ಟವಾಗಿ, ಅಂಚು ನೆಲದಿಂದ ಒಂದಡಿ ಎತ್ತರದಲ್ಲಿರುವಂತೆ ಇಟ್ಟು, ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ನೀರಿನ ಆಳ ಅಳೆಯಿರಿ. ಇಂಚಿನಲ್ಲಿ ಲೆಕ್ಕ ಹಿಡಿಯುವ ಹಿರಿಯರು 25.4ರಿಂದ ಗುಣಿಸಿದರೆ ಮಿಲಿಮೀಟರ್ ಆಗುತ್ತದೆ. ಅಳೆಯದ ದಿನ ಪುಸ್ತಕದಲ್ಲಿ ಗೆರೆ ಎಳೆಯಿರಿ, ಸೊನ್ನೆ ಬರೆಯಬೇಡಿ.

ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಮಾಡಿಸಿದವರಿಗೆ ಈ ಪುಸ್ತಕ ಇನ್ನೊಂದು ಕೆಲಸಕ್ಕೆ ಬರುತ್ತದೆ. ಆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಮರದಲ್ಲಿ ಉದುರಿದ ಕಾಯಿ ಎಣಿಸಿ ಅಲ್ಲ, ನಿಗದಿಯಾದ ಮಾಪಕದಲ್ಲಿ ದಾಖಲಾದ ಹವಾಮಾನ ನೋಡಿ. ನಿಮ್ಮ ಅಂಕಿಯನ್ನು ವಿಮೆಯವರು ಒಪ್ಪುವುದಿಲ್ಲ. ಆದರೆ ಪಂಚಾಯಿತಿ ಮಾಪಕದ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ದೋಷ ಬೇಗ ಗೊತ್ತಾಗುತ್ತದೆ. ಒಂದೆರಡು ದಿನ ವ್ಯತ್ಯಾಸವಾಗುವುದು ಸಹಜ, ಮಳೆ ಗುಡ್ಡದಿಂದ ಗುಡ್ಡಕ್ಕೆ ಬದಲಾಗುತ್ತದೆ. ವಾರವಿಡೀ ಒಂದೇ ದಿಕ್ಕಿಗೆ ಅರ್ಧದಷ್ಟು ಕಡಿಮೆ ಬರುತ್ತಿದ್ದರೆ ಕೂಡುಬಾಯಿ ಕಟ್ಟಿರುವ ಸಂಭವ ಹೆಚ್ಚು. ಮಾಪಕಕ್ಕೆ ನೀವೇ ಕೈ ಹಾಕದೆ, ದಿನಾಂಕವಾರು ಎರಡೂ ಅಂಕಿ ಬರೆದು ಪಂಚಾಯಿತಿಗೂ ರೈತ ಸಂಪರ್ಕ ಕೇಂದ್ರಕ್ಕೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇದು ಜೂನ್, ಜುಲೈನಲ್ಲೇ ಆಗಬೇಕು. ಮಳೆಗಾಲ ಮುಗಿದ ಮೇಲೆ ತಪ್ಪಿದ ಅಂಕಿಯನ್ನು ಸುತ್ತಲಿನ ಕೇಂದ್ರಗಳಿಂದ ಅಂದಾಜು ಮಾಡಬಹುದೇ ಹೊರತು ಮತ್ತೆ ಅಳೆಯಲು ಬರುವುದಿಲ್ಲ.