ಇನ್‌ವರ್ಟರ್ ಬ್ಯಾಟರಿಯಲ್ಲಿ ಎಷ್ಟು ಯೂನಿಟ್ ಇದೆ? ಎಷ್ಟು ಹೊತ್ತು ಬರುತ್ತದೆ?



ಮಲೆನಾಡಿನ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಮರಳಿ ಬರಲು ಒಂದು ರಾತ್ರಿ ಸಾಲದು. ಆದ್ದರಿಂದ ಬ್ಯಾಟರಿ ಕೊಳ್ಳುವ ಮುನ್ನವೇ ಅದು ಎಷ್ಟು ಹೊತ್ತು ನಡೆದೀತೆಂದು ಲೆಕ್ಕ ಹಾಕಿಕೊಳ್ಳುವುದು ಲೇಸು. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಆದರೆ ಕಾಗದದ ಲೆಕ್ಕಕ್ಕೂ ಮನೆಯಲ್ಲಿ ಸಿಗುವ ಗಂಟೆಗಳಿಗೂ ವ್ಯತ್ಯಾಸವಿದೆ. ಅದು ಏಕೆಂಬುದನ್ನೇ ಇಲ್ಲಿ ವಿವರಿಸುತ್ತೇವೆ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟಿನ, 150 ಆಂಪಿಯರ್-ಗಂಟೆಯ ಟ್ಯೂಬ್ಯುಲರ್ ಬ್ಯಾಟರಿಯನ್ನೇ ತೆಗೆದುಕೊಳ್ಳೋಣ. ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಗಂಟೆ ಬರುತ್ತದೆ. ಅದನ್ನು 1000ದಿಂದ ಭಾಗಿಸಿದರೆ ಕಿಲೋವ್ಯಾಟ್-ಗಂಟೆ. ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ ಎಂದರೆ ಇದೇ.

150 × 12 = 1800 ವ್ಯಾಟ್-ಗಂಟೆ, ಅಂದರೆ 1.8 ಯೂನಿಟ್.

ಇನ್ನು ಹೊರೆ. 9 ವ್ಯಾಟಿನ ಐದು ಎಲ್‌ಇಡಿ ಬಲ್ಬು 45, ತಲಾ 70 ವ್ಯಾಟಿನ ಎರಡು ಫ್ಯಾನು 140, ವೈಫೈ ಪೆಟ್ಟಿಗೆ ಮತ್ತು ಮೊಬೈಲ್ ಚಾರ್ಜಿಗೆ 15. ಒಟ್ಟು 200 ವ್ಯಾಟ್. 1800ನ್ನು 200ರಿಂದ ಭಾಗಿಸಿದರೆ 9 ಗಂಟೆ. ಹೊಸ ಬ್ಯಾಟರಿಯೂ ಇಷ್ಟು ಹೊತ್ತು ನಡೆಯುವುದಿಲ್ಲ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಇನ್‌ವರ್ಟರಿನ ನಷ್ಟ. ಬ್ಯಾಟರಿಯ ನೇರ ವಿದ್ಯುತ್ತನ್ನು ಮನೆಯ ವಿದ್ಯುತ್ತಾಗಿ ಮಾರ್ಪಡಿಸುವಾಗ ಸುಮಾರು ಶೇಕಡ 15 ಶಾಖವಾಗಿ ಹೋಗುತ್ತದೆ. ಆದ್ದರಿಂದ ಮನೆಗೆ 200 ವ್ಯಾಟ್ ಬೇಕಾದರೆ ಬ್ಯಾಟರಿ ಸುಮಾರು 235 ವ್ಯಾಟ್ ಕೊಡಬೇಕು; ಅದು ಹೆಚ್ಚುಕಡಿಮೆ 20 ಆಂಪಿಯರ್.

ಎರಡನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬ್ಯಾಟರಿಯ ಮೇಲೆ 150ರ ಪಕ್ಕದಲ್ಲಿ ಸಿ-20 ಎಂದು ಅಚ್ಚಾಗಿರುತ್ತದೆ. 20 ಗಂಟೆ ಕಾಲ ನಿಧಾನವಾಗಿ, ಅಂದರೆ 7.5 ಆಂಪಿಯರಿನಂತೆ ತೆಗೆದರೆ ಮಾತ್ರ 150 ಸಿಗುತ್ತದೆ ಎಂದು ಅದರ ಅರ್ಥ. ಅವಸರದಲ್ಲಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ. 20 ಆಂಪಿಯರ್ ಎಳೆದರೆ ಸುಮಾರು 120 ಸಿಕ್ಕೀತು.

ಹಾಗಾದರೆ ಸರಿಯಾದ ಲೆಕ್ಕ ಹೀಗೆ: 120 × 12 = 1440. ಅದರ ಶೇಕಡ 85 ಎಂದರೆ 1224. ಇದನ್ನು 200ರಿಂದ ಭಾಗಿಸಿದರೆ ಸುಮಾರು 6 ಗಂಟೆ. ಆ ಹೊತ್ತಿಗೆ ಬ್ಯಾಟರಿ ತಳ ಮುಟ್ಟಿ ಇನ್‌ವರ್ಟರ್ ತಾನೇ ನಿಂತುಬಿಡುತ್ತದೆ. ಪ್ರತಿ ಸಲವೂ ಹೀಗೆ ತಳ ಮುಟ್ಟಿಸಿದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ನಾಲ್ಕೂವರೆ, ಐದು ಗಂಟೆಗೇ ನಿಲ್ಲಿಸುವುದು ಕ್ಷೇಮ.

ರಾತ್ರಿ ಮಲಗುವಾಗ ಒಂದು ಫ್ಯಾನು, ಎರಡು ಬಲ್ಬು ಮಾತ್ರ ಇಟ್ಟು ಹೊರೆಯನ್ನು ಅರ್ಧಕ್ಕೆ ಇಳಿಸಿದರೆ ಸಮಯ ಎರಡು ಪಟ್ಟಾಗುವುದಷ್ಟೇ ಅಲ್ಲ, ಇನ್ನೂ ಸ್ವಲ್ಪ ಹೆಚ್ಚೇ ಸಿಗುತ್ತದೆ. ನಿಧಾನವಾಗಿ ಎಳೆದಾಗ ಬ್ಯಾಟರಿ ಹೆಚ್ಚು ಕೊಡುವುದೇ ಇದಕ್ಕೆ ಕಾರಣ.

ಎರಡು ಬ್ಯಾಟರಿ ಇಟ್ಟವರು ಒಂದು ತಪ್ಪು ಎಣಿಕೆ ಮಾಡುವುದುಂಟು. ಎರಡನ್ನು ಸರಣಿಯಲ್ಲಿ ಜೋಡಿಸಿದರೆ 24 ವೋಲ್ಟ್ ಆಗುತ್ತದೆ, ಆದರೆ ಆಂಪಿಯರ್-ಗಂಟೆ 150 ಆಗಿಯೇ ಉಳಿಯುತ್ತದೆ. 24ನ್ನು 300ರಿಂದ ಗುಣಿಸಬಾರದು; 24 × 150 = 3600, ಅಂದರೆ 3.6 ಯೂನಿಟ್. ಹಾಗೆಯೇ ಇನ್‌ವರ್ಟರಿನ ಮೇಲಿನ 900 ವಿಎ ಎಂಬ ಅಂಕಿ ಒಮ್ಮೆಗೆ ಎಷ್ಟು ಹೊರೆ ಹಾಕಬಹುದು ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಹೊತ್ತು ಎಂಬುದನ್ನಲ್ಲ.

ಮಳೆಗಾಲದಲ್ಲಿ ಪೆಟ್ಟು ಬೀಳುವುದು ಎರಡನೆಯ ಬಾರಿ ಕರೆಂಟು ಹೋದಾಗ. ಬ್ಯಾಟರಿ ಪೂರ್ತಿ ಇಳಿದ ಮೇಲೆ 4 ಗಂಟೆ ಮಾತ್ರ ಕರೆಂಟು ಬಂತೆನ್ನಿ. ಚಾರ್ಜರ್ 12 ಆಂಪಿಯರ್ ಕೊಟ್ಟರೆ 48 ಆಂಪಿಯರ್-ಗಂಟೆ ಒಳಹೋಗುತ್ತದೆ. ಅದರಲ್ಲಿ ಸುಮಾರು 40 ಮಾತ್ರ ವಾಪಸು ಸಿಗುತ್ತದೆ. 40 × 12ರ ಶೇಕಡ 85 ಸುಮಾರು 408; ಅದೇ 200 ವ್ಯಾಟಿನ ಹೊರೆಗೆ ಎರಡು ಗಂಟೆ. ಪೂರ್ತಿ ತುಂಬಲು 12 ಗಂಟೆ ಅಥವಾ ಇನ್ನೂ ಹೆಚ್ಚು ಬೇಕು. ಬೆಳಿಗ್ಗೆ ಕರೆಂಟು ಬಂತೆಂದು ಸಂಜೆಗೆ ಆರು ಗಂಟೆ ಇದೆ ಎಂದು ನಂಬಬಾರದು.

ಹಳೆಯ ಬ್ಯಾಟರಿಗೆ ಅದರ ಮೇಲಿನ ಅಂಕಿ ಅನ್ವಯಿಸುವುದಿಲ್ಲ. ಡಿಸ್ಟಿಲ್ಡ್ ನೀರಿನ ಮಟ್ಟ ನೋಡಿ, ಪೂರ್ತಿ ಚಾರ್ಜ್ ಮಾಡಿ, ಒಂದು ಹಗಲು ಮೇನ್ ಸ್ವಿಚ್ಚು ಆರಿಸಿ ಇದೇ 200 ವ್ಯಾಟಿನ ಹೊರೆ ಹಾಕಿ ಗಡಿಯಾರ ನೋಡಿರಿ. ಮೂರು ಗಂಟೆಗೇ ನಿಂತರೆ ಉಳಿದಿರುವುದು ಅರ್ಧ ಬ್ಯಾಟರಿ. ಈ ಪರೀಕ್ಷೆಯನ್ನು ಮೇ ತಿಂಗಳಲ್ಲೇ ಮುಗಿಸಿ, ತೆಗೆದುಕೊಂಡ ಸಮಯವನ್ನು ಬ್ಯಾಟರಿಯ ಮೇಲೆಯೇ ಬರೆದಿಡಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.

— ಕಾರ್ಯದರ್ಶಿ